ಹಳೇ ಗರಿಯೋ, ಹೊಸ ಗರಿಯೋ?

ಮಕ್ಕಳೇ, ಈ ವಾರ ಮಾತಿಗೆ ಮೊದಲು ಒಂದು ಪ್ರಶ್ನೆ. ಪೆನ್ಸಿಲ್ ಹಿಡಿದುಕೊಳ್ಳಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗದ್ದೆಯಲ್ಲಿ ಕಾಲಿಟ್ಟವರಿಗೆ ಪುಸ್ತಕ ಓದಿದವರಿಗಿಂತ ಬೇಗ ಉತ್ತರ ಹೊಳೆಯುವ ಪ್ರಶ್ನೆ ಇದು.

“ನಾಲೆ ನೀರಿನ ಭತ್ತದ ಗದ್ದೆ. ನಾಟಿ ಮಾಡಿ ಮೂರು ವಾರವಾಗಿದೆ. ಗದ್ದೆಯಲ್ಲಿ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಪೈರು ಕುಳ್ಳಗೆ ನಿಂತಿದೆ. ಕೆಳಗಿನ ಎಲೆಗಳ ಮೇಲೆ ತುಕ್ಕಿನ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳಿವೆ. ಹೊಸ ಎಲೆಯ ಬುಡದಲ್ಲಿ ನಡುನರ ಬಿಳಿಚಿಕೊಂಡಿದೆ. ನಾಟಿಯ ಹೊತ್ತಿನಲ್ಲಿ ರೈತ ಡಿಎಪಿ ಹಾಕಿದ್ದಾನೆ. ಈಗ ಏನು ಕೊಡಬೇಕು? (ಅ) ಯೂರಿಯಾ (ಆ) ಫೆರಸ್ ಸಲ್ಫೇಟ್ (ಇ) ಜಿಂಕ್ ಸಲ್ಫೇಟ್ (ಈ) ಜಿಂಕ್ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಿ.”

ಇದು ನಾನೇ ಬರೆದ ಪ್ರಶ್ನೆ. ನನ್ನ ಮೊಮ್ಮಗಳು ಈ ವರ್ಷ ಪಿಯುಸಿ. ಅವಳಿಗೆ ಬಿ.ಎಸ್ಸಿ. ಕೃಷಿ ಓದಬೇಕೆಂಬ ಆಸೆ. ರೈತರ ಮಕ್ಕಳ ಕೋಟಾದಲ್ಲಿ ಸೀಟು ಬೇಕೆಂದರೆ ಸಿಇಟಿ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಬೀಜ, ಗೊಬ್ಬರ, ಸಲಕರಣೆ ಇವನ್ನೆಲ್ಲ ಗುರುತಿಸುವುದು ಅದರಲ್ಲಿ ಮುಖ್ಯ. ಹಾಗಾಗಿ ನಮ್ಮ ಹದಿನಾರಿನ ಮನೆಯಲ್ಲಿ ಈಗ ಊಟದ ತಟ್ಟೆಯ ಮುಂದೆಯೂ ಗೊಬ್ಬರದ ಮಾತೇ. ಅವಳ ಅಜ್ಜಿ, “ಅನ್ನ ಉಣ್ಣೋವಾಗ್ಲಾದ್ರೂ ಆ ಯೂರಿಯಾ ಬುಟ್ಬುಡ್ರಪ್ಪ” ಎಂದು ಗದರುತ್ತಾಳೆ.

ಮೊಮ್ಮಗಳು ಪ್ರಶ್ನೆ ಓದಿದ ತಕ್ಷಣ “ಅ” ಎಂದಳು. “ಕೆಳಗಿನ ಎಲೆ ಕೆಟ್ಟದೆ ಅಂದ್ರೆ ಸಾರಜನಕ ಅಲ್ವಾ ತಾತ? ಗೈಡಲ್ಲಿ ಹಂಗೇ ಕೊಟ್ಟವ್ರೆ.”

ಗೈಡಿನಲ್ಲಿ ಕೊಟ್ಟಿರುವುದು ಸುಳ್ಳಲ್ಲ. ಅರ್ಧ ಮಾತ್ರ ಕೊಟ್ಟಿದ್ದಾರೆ. ಆ ಅರ್ಧವನ್ನು ಮೊದಲು ಸರಿಯಾಗಿ ನೋಡೋಣ.

ಗಿಡಕ್ಕೆ ಊಟ ಸಾಲದೇ ಹೋದಾಗ ಅದು ಮನೆಯ ಹಿರಿಯರ ಹಾಗೆ ನಡೆದುಕೊಳ್ಳುತ್ತದೆ. ಮನೆಯಲ್ಲಿ ಅಕ್ಕಿ ಕಡಿಮೆಯಾದರೆ ಅಜ್ಜಿ ತನ್ನ ತಟ್ಟೆಯದನ್ನು ತೆಗೆದು ಮಗುವಿಗೆ ಬಡಿಸುತ್ತಾಳಲ್ಲ, ಹಾಗೆ. ಸಾರಜನಕ ಸಾಲದಿದ್ದರೆ ಗಿಡ ತನ್ನ ಹಳೆಯ ಎಲೆಯಲ್ಲಿರುವ ಹಸಿರನ್ನೂ ಪ್ರೋಟೀನನ್ನೂ ಒಡೆದು, ಅದರೊಳಗಿನ ಸಾರಜನಕವನ್ನು ಹೊಸ ಚಿಗುರಿಗೆ ಸಾಗಿಸಿಬಿಡುತ್ತದೆ. ಅದಕ್ಕೇ ಬುಡದ ಎಲೆ ತುದಿಯಿಂದ ಹಳದಿಯಾಗುತ್ತಾ ಬರುತ್ತದೆ, ಸುಳಿ ಮಾತ್ರ ಇನ್ನೂ ಹಸಿರಾಗಿರುತ್ತದೆ. ಜೋಳದಲ್ಲಾದರೆ ಈ ಹಳದಿ ಎಲೆಯ ತುದಿಯಿಂದ ನಡುನರದ ಉದ್ದಕ್ಕೆ ಇಳಿದು ಬರುವುದನ್ನು ಚೆನ್ನಾಗಿ ಕಾಣಬಹುದು. ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಕೂಡ ಹೀಗೆಯೇ ಓಡಾಡುವ ಜಾತಿಯವು. ಅವುಗಳ ಕೊರತೆಯೂ ಹಳೇ ಎಲೆಯಲ್ಲೇ ಮೊದಲು ಕಾಣುತ್ತದೆ.

ಕಬ್ಬಿಣ ಹಾಗಲ್ಲ. ಒಂದು ಎಲೆಯಲ್ಲಿ ಕೂತ ಮೇಲೆ ಅದು ಅಲ್ಲಿಂದ ಏಳುವುದೇ ಇಲ್ಲ. ಗಿಡಕ್ಕೆ ಕಬ್ಬಿಣ ಸಾಲದಿದ್ದರೆ ಹಳೇ ಎಲೆ ಹಸಿರಾಗಿಯೇ ಇರುತ್ತದೆ, ಆಮೇಲೆ ಹುಟ್ಟುವ ಎಲೆ ಬಿಳಿಚಿಕೊಂಡು ಹುಟ್ಟುತ್ತದೆ. ಗಂಧಕವೂ ಅಷ್ಟಾಗಿ ಜಾಗ ಬಿಡುವುದಿಲ್ಲ. ಅದರ ಕೊರತೆಯಲ್ಲೂ ಹೊಸ ಎಲೆಯೇ ಮೊದಲು ಹಳದಿಯಾಗುವುದು. ಕ್ಯಾಲ್ಸಿಯಂ, ಬೋರಾನ್ ಸಾಲದಿದ್ದರೆ ಚಿಗುರಿನ ತುದಿಯೇ ಕೆಡುತ್ತದೆ.

ಆದ್ದರಿಂದ ಕೊರತೆಯ ಪ್ರಶ್ನೆ ಬಂದಾಗ ಬಣ್ಣಕ್ಕೆ ಮೊದಲು ಜಾಗ ನೋಡಬೇಕು. ಹಳೇ ಗರಿಯೋ, ಹೊಸ ಗರಿಯೋ? ಮಕ್ಕಳು ಸಾಮಾನ್ಯವಾಗಿ “ಹಳದಿ” ಎಂಬ ಪದ ಕಂಡ ಕೂಡಲೇ ಉತ್ತರ ಗುರುತು ಹಾಕಿಬಿಡುತ್ತಾರೆ. ಹಳದಿ ಎಂಬುದು ಜ್ವರ ಇದ್ದ ಹಾಗೆ, ಅದಕ್ಕೆ ಕಾರಣ ಹತ್ತಾರು. ಯಾವ ಎಲೆ, ಎಲೆಯ ಯಾವ ಭಾಗ, ನರ ಹಸಿರಾಗಿದೆಯೋ ಇಲ್ಲವೋ, ಅಂಚು ಸುಟ್ಟಿದೆಯೋ, ಗದ್ದೆಯಲ್ಲಿ ಎಲ್ಲ ಕಡೆ ಇದೆಯೋ ಅಲ್ಲಲ್ಲಿ ಇದೆಯೋ, ಇವುಗಳಲ್ಲೇ ಉತ್ತರ ಅಡಗಿರುತ್ತದೆ.

ಈಗ ಮೇಲಿನ ಪ್ರಶ್ನೆಗೆ ವಾಪಸ್ ಬನ್ನಿ. ಅಲ್ಲಿ ಕೆಳಗಿನ ಎಲೆ ತುದಿಯಿಂದ ಒಂದೇ ಸಮ ಹಳದಿಯಾಗಿದೆ ಎಂದು ಎಲ್ಲೂ ಬರೆದಿಲ್ಲ. ತುಕ್ಕಿನ ಬಣ್ಣದ ಚುಕ್ಕೆ ಎಂದಿದೆ. ಅಷ್ಟೇ ಅಲ್ಲ, ಹೊಸ ಎಲೆಯ ಬುಡದ ನಡುನರವೂ ಬಿಳಿಚಿದೆ ಎಂದಿದೆ. ಅಂದರೆ ಲಕ್ಷಣ ಹಳೇ ಗರಿಯಲ್ಲೂ ಇದೆ, ಹೊಸ ಗರಿಯಲ್ಲೂ ಇದೆ. ಗೈಡಿನ ಅರ್ಧ ಸೂತ್ರ ಇಲ್ಲಿ ಕೈಕೊಡುತ್ತದೆ.

ಭತ್ತದಲ್ಲಿ ಹೀಗೆ ಎರಡೂ ಕಡೆ ಗುರುತು ಬಿಡುವುದು ಸತು, ನಮ್ಮ ಅಂಗಡಿಯ ಭಾಷೆಯಲ್ಲಿ ಜಿಂಕ್. ಸತು ಗಿಡದೊಳಗೆ ಸಾರಜನಕದಷ್ಟು ಸಲೀಸಾಗಿ ಓಡಾಡುವುದಿಲ್ಲ, ಕಬ್ಬಿಣದಷ್ಟು ಗಟ್ಟಿಯಾಗಿ ಕೂರುವುದೂ ಇಲ್ಲ. ನಾಟಿಯಾದ ಎರಡರಿಂದ ನಾಲ್ಕು ವಾರದೊಳಗೆ ಲಕ್ಷಣ ಕಾಣಿಸುತ್ತದೆ. ಹೊಸ ಎಲೆಯ ಬುಡ ಬೆಳ್ಳಗಾಗುತ್ತದೆ, ಕೆಳಗಿನ ಎಲೆಗಳ ಮೇಲೆ ಕಂದು ಚುಕ್ಕೆ ಮೂಡಿ, ಒಂದಕ್ಕೊಂದು ಕೂಡಿ, ಇಡೀ ಎಲೆ ತುಕ್ಕು ಹಿಡಿದ ಕುಡುಗೋಲಿನ ಬಣ್ಣಕ್ಕೆ ತಿರುಗುತ್ತದೆ. ತೆಂಡೆ ಒಡೆಯುವುದು ಕಡಿಮೆಯಾಗುತ್ತದೆ. ಪೈರು ಕುಳ್ಳಾಗಿ, ಗದ್ದೆ ಒಂದೇ ಸಮ ಇರದೆ ತಗ್ಗು ದಿಣ್ಣೆಯ ಹಾಗೆ ಕಾಣುತ್ತದೆ.

ಇದಕ್ಕೆ ಪುಸ್ತಕದಲ್ಲಿ ಖೈರಾ ಎಂಬ ಹೆಸರಿದೆ. ಪರೀಕ್ಷೆಯಲ್ಲಿ “ಖೈರಾ ರೋಗಕ್ಕೆ ಕಾರಣವೇನು?” ಎಂದು ಒಂದೇ ಸಾಲಿನಲ್ಲಿಯೂ ಕೇಳುತ್ತಾರೆ. ಎಲೆಅಡಿಕೆ ಹಾಕುವ ಅಜ್ಜ ಅಜ್ಜಿಯರಿಗೆ ಕಾಚು ಗೊತ್ತಿರಬೇಕಲ್ಲ? ಆ ಕಾಚನ್ನು ಕೊಡುವ ಮರಕ್ಕೆ ಹಿಂದಿಯಲ್ಲಿ ಖೈರ್ ಎನ್ನುತ್ತಾರೆ. ಎಲೆ ಕಾಚಿನ ಬಣ್ಣಕ್ಕೆ ತಿರುಗುವುದರಿಂದ ಈ ಹೆಸರು. ಹಿಮಾಲಯದ ಬುಡದ ತರಾಯ್ ಸೀಮೆಯಲ್ಲಿ ಭತ್ತ ಹೀಗೆ ಕೆಂಪಾಗಿ ಕೆಡುತ್ತಿತ್ತು. ಅಲ್ಲಿನ ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ವೈ. ಎಲ್. ನೆನೆ ಎಂಬ ವಿಜ್ಞಾನಿ ಇದು ಸತುವಿನ ಕೊರತೆ ಎಂದು 1966ರಲ್ಲಿ ಬರೆದು ತಿಳಿಸಿದರು. ನೆನೆಯವರು ಸಸ್ಯರೋಗ ತಜ್ಞರು. ರೋಗ ಹುಡುಕುವ ಮನುಷ್ಯ ಹಸಿವನ್ನು ಕಂಡುಹಿಡಿದರು, ನನಗೆ ಈ ಕಥೆ ಇಷ್ಟವಾಗುವುದು ಅದಕ್ಕೇ. ಹೆಸರಿನಲ್ಲಿ ಮಾತ್ರ “ರೋಗ” ಇನ್ನೂ ಉಳಿದುಕೊಂಡಿದೆ, ಮಕ್ಕಳು ಅಲ್ಲೇ ಎಡವುತ್ತಾರೆ. ಖೈರಾ ಅಂಟುರೋಗವಲ್ಲ. ಅದಕ್ಕೆ ಶಿಲೀಂಧ್ರನಾಶಕ ಹೊಡೆದರೆ ಹಣ ಖರ್ಚು, ಅಷ್ಟೇ.

ನಿಜವಾದ ಚುಕ್ಕೆ ರೋಗಗಳೂ ಇವೆಯಲ್ಲ, ಹೇಗೆ ಬೇರೆ ಮಾಡುವುದು? ಚುಕ್ಕೆಯ ಆಕಾರ ನೋಡಿ. ಬೆಂಕಿರೋಗದ ಚುಕ್ಕೆ ನೇಕಾರರ ಲಾಳಿಯ ಹಾಗೆ ಎರಡೂ ತುದಿ ಚೂಪು, ನಡುವೆ ಬೂದಿಬಣ್ಣ. ಕಂದು ಚುಕ್ಕೆ ರೋಗದ್ದು ಎಳ್ಳಿನ ಕಾಳಿನಂತೆ ಮೊಟ್ಟೆಯಾಕಾರ, ಅಂಚು ಸ್ಪಷ್ಟ. ಸತುವಿನ ಕೊರತೆಯ ಚುಕ್ಕೆಗೆ ಇಂಥದ್ದೇ ಎಂಬ ಆಕಾರವಿಲ್ಲ, ಯಾರೋ ಇಟ್ಟಿಗೆ ಪುಡಿ ಎರಚಿದ ಹಾಗಿರುತ್ತದೆ. ಅದರ ಜೊತೆಗೆ ಹೊಸ ಎಲೆಯ ಬುಡ ಬೆಳ್ಳಗಾಗಿದೆ ಎಂದರೆ ಅನುಮಾನ ಉಳಿಯುವುದಿಲ್ಲ.

ಇಲ್ಲಿಗೆ ಮೊಮ್ಮಗಳು ಇನ್ನೊಂದು ಪ್ರಶ್ನೆ ಹಾಕಿದಳು. ಒಳ್ಳೆಯ ಪ್ರಶ್ನೆ. “ತಾತ, ಹೊಸ ಎಲೆ ಬಿಳಿಚಿದೆ ಅಂದ್ರೆ ಕಬ್ಬಿಣವೂ ಆಗಬಹುದಲ್ಲ? ಆಯ್ಕೆ ‘ಆ’ ಯಾಕೆ ಬೇಡ?”

ಅದಕ್ಕೆ ಉತ್ತರ ಎಲೆಯಲ್ಲಿಲ್ಲ, ಪ್ರಶ್ನೆಯ ಮೊದಲ ಎರಡು ಪದದಲ್ಲಿದೆ. “ನಾಲೆ ನೀರಿನ” ಗದ್ದೆ.

ಗದ್ದೆಗೆ ನೀರು ಕಟ್ಟಿ ನಿಲ್ಲಿಸಿದರೆ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಆಗ ಮಣ್ಣಿನಲ್ಲಿ ಕರಗದೆ ಕೂತಿದ್ದ ಕಬ್ಬಿಣ ರೂಪ ಬದಲಿಸಿ ನೀರಿನಲ್ಲಿ ಕರಗುತ್ತದೆ. ಅಜ್ಜಿಯರೇ, ಕೆಸರುಗದ್ದೆಯ ಮೂಲೆಯಲ್ಲಿ ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ಕೆಂಪು ಪೊರೆ ನೋಡಿರುತ್ತೀರಿ. ಅದು ಹೀಗೆ ಕರಗಿದ ಕಬ್ಬಿಣ ಮತ್ತೆ ಗಾಳಿ ಸೋಕಿ ತುಕ್ಕಾದದ್ದು. ಹಾಗಾಗಿ ನೀರು ನಿಂತ ಗದ್ದೆಯ ಭತ್ತಕ್ಕೆ ಕಬ್ಬಿಣದ ಬರ ಬರುವುದು ಅಪರೂಪ. ಕಬ್ಬಿಣದ ಕೊರತೆ ಕಾಣುವುದು ನೀರು ಕಟ್ಟದ ಒಣ ಸಸಿಮಡಿಯಲ್ಲಿ, ಸುಣ್ಣದಂಶದ ಮಣ್ಣಿನಲ್ಲಿ. ಅಲ್ಲೂ ನರಗಳ ನಡುವೆ ಹಳದಿಯಾಗಿ ಕೊನೆಗೆ ಹೊಸ ಎಲೆ ಪೂರ್ತಿ ಬಿಳಿ ಕಾಗದದಂತಾಗುತ್ತದೆಯೇ ಹೊರತು ಕೆಳಗಿನ ಎಲೆಯಲ್ಲಿ ತುಕ್ಕು ಚುಕ್ಕೆ ಇರುವುದಿಲ್ಲ.

ಸತುವಿನ ಕಥೆ ಇದಕ್ಕೆ ತಿರುಗುಮುರುಗು. ನೀರು ನಿಂತಷ್ಟೂ ಅದು ಬೇರಿಗೆ ಸಿಗದ ಹಾಗೆ ಅವಿತುಕೊಳ್ಳುತ್ತದೆ. ಸುಣ್ಣದಂಶವಿರುವ ಎರೆ ಮಣ್ಣಿನಲ್ಲಂತೂ ಇನ್ನೂ ಹೆಚ್ಚು. ಮೇಲೆ ರಂಜಕದ ಗೊಬ್ಬರ ಜಾಸ್ತಿ ಬಿದ್ದರೆ ಮತ್ತಷ್ಟು. ಒಂದೇ ನೀರು ಕಬ್ಬಿಣವನ್ನು ಬಡಿಸುತ್ತದೆ, ಸತುವನ್ನು ಬಚ್ಚಿಡುತ್ತದೆ. ಕಬಿನಿ ನಾಲೆಯ ನೀರಿನಲ್ಲಿ ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ ಭತ್ತ ಬೆಳೆಯುವವರು ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಸಾಕು. ವರ್ಷಕ್ಕೆ ಎರಡು ಬೆಳೆ ತೆಗೆದು, ಗದ್ದೆಯನ್ನು ಒಣಗಲು ಬಿಡದೆ ನೀರು ನಿಲ್ಲಿಸುವ ಕಡೆ ಸತುವಿನ ಮೇಲೆ ಕಣ್ಣಿಡಬೇಕು. ನಡುವೆ ಗದ್ದೆಯ ನೀರು ಬಸಿದು ಸ್ವಲ್ಪ ದಿನ ಆರಲು ಬಿಡುವುದೂ ಒಂದು ಉಪಾಯವೇ.

ಇನ್ನು ಉಳಿದದ್ದು “ಇ” ಮತ್ತು “ಈ”. ಎರಡರಲ್ಲೂ ಜಿಂಕ್ ಸಲ್ಫೇಟ್ ಇದೆ. ಬುದ್ಧಿವಂತ ಮಕ್ಕಳು ಬೀಳುವುದು ಇಲ್ಲಿಯೇ. ಎರಡು ಗೊಬ್ಬರ ಬೆರೆಸಿದರೆ ಇನ್ನೂ ಒಳ್ಳೆಯದಲ್ಲವೇ ಎನಿಸುತ್ತದೆ.

ನಾನು ಮೊಮ್ಮಗಳಿಗೆ ಬಾಯಲ್ಲಿ ಹೇಳಲಿಲ್ಲ. ಎರಡು ಗಾಜಿನ ಲೋಟ ತರಿಸಿದೆ. ಒಂದರಲ್ಲಿ ಸ್ವಲ್ಪ ಡಿಎಪಿ ಕದಡಿ ಸೋಸಿದ ತಿಳಿ, ಇನ್ನೊಂದರಲ್ಲಿ ಜಿಂಕ್ ಸಲ್ಫೇಟಿನ ತಿಳಿ. ಎರಡನ್ನೂ ಒಂದಕ್ಕೊಂದು ಸುರಿದಾಗ ಹಾಲು ಒಡೆದ ಹಾಗೆ ಬಿಳಿ ಗಸಿ ಕಟ್ಟಿಕೊಂಡಿತು. ಅವಳು ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. “ಇದು ನೀರಲ್ಲಿ ಕರಗಲ್ವಾ?” ಎಂದಳು. ಸತುವೂ ರಂಜಕವೂ ಕೈಹಿಡಿದುಕೊಂಡು ಕರಗದ ಗಸಿಯಾಗಿ ತಳಕ್ಕೆ ಕೂತವು. ಲೋಟದಲ್ಲಿ ಆದದ್ದು ಗದ್ದೆಯಲ್ಲೂ ಆಗುತ್ತದೆ. ಎರಡೂ ದುಡ್ಡು ಕೊಟ್ಟು ತಂದದ್ದು, ಎರಡೂ ಬೇರಿಗೆ ಸಿಗದೆ ಹೋಗುತ್ತವೆ. ಅದಕ್ಕೇ ಜಿಂಕ್ ಸಲ್ಫೇಟನ್ನು ರಂಜಕದ ಗೊಬ್ಬರದ ಜೊತೆ ಬೆರೆಸದೆ, ನಡುವೆ ಕೆಲವು ದಿನ ಬಿಟ್ಟು ಬೇರೆಯಾಗಿ ಕೊಡಬೇಕು. ಉತ್ತರ “ಇ”. (ಮಕ್ಕಳೇ, ಇದನ್ನು ಮಾಡಿ ನೋಡುವುದಾದರೆ ದೊಡ್ಡವರ ಎದುರಿಗೇ ಮಾಡಿ. ಆ ಲೋಟ ಮತ್ತೆ ಅಡುಗೆಮನೆಗೆ ಹೋಗಬಾರದು. ನಮ್ಮ ಮನೆಯ ಎರಡು ಲೋಟ ಈಗ ಕೊಟ್ಟಿಗೆಯಲ್ಲಿವೆ, ಅದಕ್ಕೂ ಬೈಗುಳ ತಿಂದಾಗಿದೆ.)

ಈ ಲೋಟದ ಆಟಕ್ಕೆ ಇನ್ನೊಂದು ಉಪಯೋಗವಿದೆ. ಜಿಂಕ್ ಸಲ್ಫೇಟೂ ಬಿಳಿ ಹರಳು, ಮೆಗ್ನೀಸಿಯಂ ಸಲ್ಫೇಟೂ ಬಿಳಿ ಹರಳು. ಕಣ್ಣಿಗೆ ಎರಡೂ ಒಂದೇ. ಅಗ್ಗದ ಮೆಗ್ನೀಸಿಯಂ ಸಲ್ಫೇಟನ್ನು ಜಿಂಕ್ ಎಂದು ಮಾರುವ ಮೋಸವೂ ಉಂಟು. ಡಿಎಪಿ ತಿಳಿಗೆ ಸುರಿದಾಗ ಜಿಂಕ್ ಸಲ್ಫೇಟಾದರೆ ದಪ್ಪ ಗಸಿ ಕಟ್ಟುತ್ತದೆ, ಮೆಗ್ನೀಸಿಯಂ ಸಲ್ಫೇಟಾದರೆ ಹಾಗೆ ಗಸಿ ಕಟ್ಟುವುದಿಲ್ಲ. ಪರೀಕ್ಷೆಯ ಮೇಜಿನ ಮೇಲೆ ನಿಮಗೆ ಡಿಎಪಿ ತಿಳಿ ಕೊಡಲಾರರು, ಆದರೆ ಈ ವ್ಯತ್ಯಾಸವನ್ನು ಬರಹದ ಪ್ರಶ್ನೆಯಾಗಿ ಕೇಳಬಹುದು. ಅಂಗಡಿಯಿಂದ ತಂದ ಚೀಲದ ಮೇಲೆ ಅನುಮಾನವಿದ್ದರೆ ಮನೆಯಲ್ಲೇ ನೋಡಬಹುದು.

ಸರಿ, ಯಾವುದು ಎಂದು ಗೊತ್ತಾಯಿತು. ಎಷ್ಟು? ದೊಡ್ಡ ಪರೀಕ್ಷೆಗಳಲ್ಲಿ ಪ್ರಶ್ನೆ ಹೆಸರಿಗೆ ನಿಲ್ಲುವುದಿಲ್ಲ, ಲೆಕ್ಕಕ್ಕೆ ಬರುತ್ತದೆ. ನಮ್ಮದೇ ಗದ್ದೆಯ ಲೆಕ್ಕ ಮಾಡೋಣ. ನಮ್ಮ ನಾಲೆ ಕೆಳಗಿನ ತಾಕು 30 ಗುಂಟೆ.

ಸತು ಕಡಿಮೆಯಿರುವ ಮಣ್ಣಿಗೆ ಭತ್ತದಲ್ಲಿ ಹೆಕ್ಟೇರಿಗೆ 20 ಕಿಲೋ ಜಿಂಕ್ ಸಲ್ಫೇಟ್ ಎಂಬುದು ಇಲ್ಲಿ ಸಾಮಾನ್ಯವಾಗಿ ಹೇಳುವ ಪ್ರಮಾಣ. ಒಂದು ಹೆಕ್ಟೇರಿಗೆ ಸುಮಾರು ಎರಡೂವರೆ ಎಕರೆ. ಹಾಗಾದರೆ ಎಕರೆಗೆ 8 ಕಿಲೋ. ಎಕರೆಗೆ 40 ಗುಂಟೆ. 30 ಗುಂಟೆ ಎಂದರೆ ಮುಕ್ಕಾಲು ಎಕರೆ. 8ರ ಮುಕ್ಕಾಲು 6. ಆರು ಕಿಲೋ ತಂದರಾಯಿತು ಎಂದು ಮೊಮ್ಮಗಳು ಪುಸ್ತಕ ಮುಚ್ಚಲು ಹೊರಟಳು.

“ಚೀಲ ಓದಿದೆಯಾ ಪುಟ್ಟಿ?” ಎಂದೆ.

ಜಿಂಕ್ ಸಲ್ಫೇಟಿನಲ್ಲಿ ಎರಡು ಬಗೆ ಸಿಗುತ್ತದೆ. ಒಂದರ ಚೀಲದ ಮೇಲೆ ZnSO4·7H2O ಎಂದಿರುತ್ತದೆ. ಅದರೊಳಗೆ ನೀರಿನ ಅಂಶ ಹೆಚ್ಚು, ಸತು ಶೇಕಡಾ 21. ಇನ್ನೊಂದರ ಮೇಲೆ ZnSO4·H2O ಎಂದಿರುತ್ತದೆ. ಅದರಲ್ಲಿ ನೀರು ಕಡಿಮೆ, ಸತು ಶೇಕಡಾ 33. ಹೆಕ್ಟೇರಿಗೆ 20 ಕಿಲೋ ಎಂದು ಹೇಳುವುದು ಮೊದಲನೆಯ ಬಗೆಯ ಲೆಕ್ಕದಲ್ಲಿ. ಅಂಗಡಿಯಲ್ಲಿ ಎರಡನೆಯದು ಮಾತ್ರ ಇದ್ದರೆ ಆರು ಕಿಲೋ ಸುರಿದರೆ ಹೆಚ್ಚಾಯಿತು.

ಆಗ ಗೊಬ್ಬರ ಬಿಟ್ಟು ಅದರೊಳಗಿನ ಸತುವನ್ನು ಲೆಕ್ಕ ಹಾಕಬೇಕು. 6 ಕಿಲೋದಲ್ಲಿ ಶೇಕಡಾ 21 ಎಂದರೆ 1.26 ಕಿಲೋ ಸತು. ಗದ್ದೆಗೆ ನಿಜವಾಗಿ ಬೇಕಾದದ್ದು ಇಷ್ಟೇ. ಈಗ ಶೇಕಡಾ 33 ಸತುವಿರುವ ಚೀಲದಿಂದ 1.26 ಕಿಲೋ ಸತು ಬರಬೇಕು. 1.26ನ್ನು 100ರಿಂದ ಗುಣಿಸಿ 33ರಿಂದ ಭಾಗಿಸಿ. 3.8 ಕಿಲೋ ಬರುತ್ತದೆ. ಆರರ ಜಾಗದಲ್ಲಿ ನಾಲ್ಕಕ್ಕೂ ಕಡಿಮೆ. ಯೂರಿಯಾ, ಡಿಎಪಿ, ಪೊಟ್ಯಾಷ್ ಯಾವುದರ ಲೆಕ್ಕವೂ ಇದೇ ದಾರಿ. ಬೇಕಾದ ಪೋಷಕಾಂಶವನ್ನು 100ರಿಂದ ಗುಣಿಸಿ, ಚೀಲದ ಮೇಲಿನ ಶೇಕಡಾ ಅಂಕಿಯಿಂದ ಭಾಗಿಸುವುದು. ಯೂರಿಯಾದ ಅಂಕಿ 46. ಡಿಎಪಿಗೆ ಎರಡು ಅಂಕಿ, ಸಾರಜನಕ 18, ರಂಜಕ 46. ಆದ್ದರಿಂದ ಡಿಎಪಿ ಹಾಕಿದರೆ ಅದರೊಂದಿಗೆ ಬಂದ ಸಾರಜನಕವನ್ನು ಯೂರಿಯಾದ ಲೆಕ್ಕದಲ್ಲಿ ಕಳೆಯಬೇಕು. ಕಳೆಯದಿದ್ದರೆ ಬರುವ ತಪ್ಪು ಉತ್ತರವೂ ಆಯ್ಕೆಗಳಲ್ಲಿ ಒಂದಾಗಿ ಕಾದು ಕೂತಿರುತ್ತದೆ, ಪ್ರಶ್ನೆ ಮಾಡುವವರು ಅಷ್ಟು ಜಾಣರು.

ಹಿರಿಯರಿಗೆ ಒಂದು ಮಾತು. ಆರು ಕಿಲೋ ಲೆಕ್ಕ ಮಣ್ಣಿಗೆ ಹಾಕುವುದಕ್ಕೆ, ನಾಟಿಗೆ ಮುಂಚೆ. ಒಮ್ಮೆ ಹಾಕಿದ್ದು ಎರಡು ಮೂರು ಬೆಳೆಗೆ ಉಳಿಯುತ್ತದೆ, ಪ್ರತಿ ಬೆಳೆಗೂ ಹಾಕುವ ಅಗತ್ಯವಿಲ್ಲ. ನಮ್ಮ ಪ್ರಶ್ನೆಯ ಪೈರಿನಲ್ಲಿ ಲಕ್ಷಣ ಆಗಲೇ ಕಂಡಿದೆ, ಅದಕ್ಕೆ ಬೇಗ ಮುಟ್ಟುವುದು ಎಲೆಯ ಮೇಲಿನ ಸಿಂಪಡಣೆ. ಲೀಟರ್ ನೀರಿಗೆ ಮೊದಲನೆಯ ಬಗೆಯ ಜಿಂಕ್ ಸಲ್ಫೇಟ್ 5 ಗ್ರಾಂ, ಅದಕ್ಕೆ ಅರಳಿದ ಸುಣ್ಣ ಎರಡೂವರೆ ಗ್ರಾಂ. ಎಕರೆಗೆ 200 ಲೀಟರ್ ಹಿಡಿದರೆ ಜಿಂಕ್ ಒಂದು ಕಿಲೋ, ಸುಣ್ಣ ಅರ್ಧ ಕಿಲೋ. ಸುಣ್ಣವನ್ನು ಹಿಂದಿನ ರಾತ್ರಿ ನೆನೆಹಾಕಿ ಮೇಲಿನ ತಿಳಿ ಸೋಸಿಕೊಳ್ಳಿ. ಸುಣ್ಣ ಯಾಕೆ ಎಂದು ಪರೀಕ್ಷೆಯಲ್ಲೂ ಕೇಳುತ್ತಾರೆ. ಜಿಂಕ್ ಸಲ್ಫೇಟಿನ ನೀರು ಹುಳಿ ಗುಣದ್ದು, ಬರಿಯದನ್ನು ಹೊಡೆದರೆ ಎಲೆ ಸುಡಬಹುದು. ಸುಣ್ಣ ಆ ಹುಳಿಯನ್ನು ತಣಿಸುತ್ತದೆ. ವಾರ ಹತ್ತು ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು.

ಗುರುತಿಸಿದ್ದು ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ? ಇಡೀ ಗದ್ದೆಗೆ ಹೊಡೆಯುವ ಮೊದಲು ಬದುವಿನ ಪಕ್ಕ ನಾಲ್ಕು ಮಾರು ಉದ್ದದ ಪಟ್ಟಿಗೆ ಮಾತ್ರ ಹೊಡೆದು, ಎರಡು ತುದಿಗೂ ಕಡ್ಡಿ ನೆಟ್ಟುಬಿಡಿ. ಹತ್ತು ದಿನದ ಮೇಲೆ ನೋಡಿ. ಹಳೇ ಎಲೆಯ ಚುಕ್ಕೆ ಹೋಗಿರುವುದಿಲ್ಲ, ಸತ್ತ ಜಾಗ ಮತ್ತೆ ಹಸಿರಾಗದು. ಆಮೇಲೆ ಬಂದ ಹೊಸ ಎಲೆಯನ್ನು ನೋಡಬೇಕು. ಅದರ ಬುಡ ಹಸಿರಾಗಿದ್ದರೆ ಸತುವೇ. ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಮಣ್ಣು ಪರೀಕ್ಷೆ. ವರದಿಯಲ್ಲಿ ಸತು 0.6 ಪಿಪಿಎಂಗಿಂತ ಕಡಿಮೆಯಿದ್ದರೆ ಕೊರತೆ ಎಂದೇ ಸಾಮಾನ್ಯವಾಗಿ ಎಣಿಸುತ್ತಾರೆ. ನಮ್ಮ ಕಡೆಯವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಯೂರಿಯಾ ಎಂಬ ಮೊದಲ ಆಯ್ಕೆಯನ್ನು ಗದ್ದೆಯಲ್ಲಿ ಆರಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಬಯಲಿನಲ್ಲೇ ಒಮ್ಮೆ ಕಂಡಿದ್ದೇನೆ. ಪೈರು ಕೆಂಪಾಗಿದೆ ಎಂದು ಒಬ್ಬರು ಒಂದು ಚೀಲ ಯೂರಿಯಾ ಎರಚಿದರು. ವಾರ ಕಾದು ಇನ್ನೊಂದು ಎರಚಿದರು. ಮೊದಲೇ ಚೆನ್ನಾಗಿದ್ದ ಜಾಗ ಕಡುಹಸಿರಾಗಿ ಎದ್ದು ನಿಂತಿತು, ಕುಳ್ಳಗಿದ್ದ ತೇಪೆಗಳು ಹಾಗೇ ಉಳಿದವು. ದಟ್ಟ ಹಸಿರಿನ ಕಡೆಗೆ ಎಲೆ ಸುರುಳಿ ಹುಳು ಬಂತು. ಸತು ಕೊಟ್ಟಿದ್ದರೆ ಅಷ್ಟು ಹೊತ್ತಿಗೆ ತೆಂಡೆ ಒಡೆಯುತ್ತಿತ್ತು. ಭತ್ತದಲ್ಲಿ ತೆಂಡೆ ಒಡೆಯುವ ವಾರಗಳು ಹೋದರೆ ಹೋದವು, ಆಮೇಲೆ ಕೊಟ್ಟ ಗೊಬ್ಬರ ಅವನ್ನು ವಾಪಸ್ ತರುವುದಿಲ್ಲ.

ಗೊಬ್ಬರವೇ ಉತ್ತರವಲ್ಲದ ಪ್ರಶ್ನೆಯೂ ಇದೆ. ಅದು ನಂಜನಗೂಡಿನವರ ಮನಸ್ಸಿಗೆ ಹತ್ತಿರದ್ದು. “ಬಾಳೆಯ ಹಳೇ ಎಲೆಗಳು ಅಂಚಿನಿಂದ ಹಳದಿಯಾಗಿವೆ” ಎಂದು ಪ್ರಶ್ನೆ ಶುರುವಾದರೆ, ಹಳೇ ಎಲೆ, ಅಂಚು, ಆದ್ದರಿಂದ ಪೊಟ್ಯಾಷ್ ಎಂದು ನಮ್ಮ ಸೂತ್ರ ಹೇಳುತ್ತದೆ. ಬಾಳೆ ಪೊಟ್ಯಾಷನ್ನು ಬಹಳ ಬೇಡುವ ಬೆಳೆ ಎಂಬುದೂ ನಿಜ. ಆದರೆ ಮುಂದಿನ ಸಾಲು ಓದಿ. “ಎಲೆಗಳು ತೊಟ್ಟಿನಲ್ಲಿ ಮುರಿದು ದಿಂಡಿನ ಸುತ್ತ ಲಂಗದಂತೆ ಜೋತುಬಿದ್ದಿವೆ. ದಿಂಡನ್ನು ಅಡ್ಡ ಕತ್ತರಿಸಿದರೆ ಒಳಗೆ ಕೆಂಪು ಕಂದು ಬಣ್ಣ.” ಇದು ಹಸಿವಲ್ಲ. ಪನಾಮ ಸೊರಗು ರೋಗ. ಫ್ಯುಸೇರಿಯಂ ಎಂಬ ಮಣ್ಣಿನ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟಿಹಾಕುತ್ತದೆ. ಮೇಲಕ್ಕೆ ನೀರು ಹೋಗದೆ ಎಲೆ ಹಳದಿಯಾಗುತ್ತದೆ. ಬೇರಿಗೆ ಎಷ್ಟು ಪೊಟ್ಯಾಷ್ ಸುರಿದರೂ ಮುಚ್ಚಿದ ನಾಳದಲ್ಲಿ ಹೋಗುವುದು ಹೇಗೆ?

ಜಿಐ ಗುರುತು ಪಡೆದ ನಮ್ಮ ನಂಜನಗೂಡು ರಸಬಾಳೆ ಈ ರೋಗಕ್ಕೆ ಬಹಳ ಬೇಗ ತುತ್ತಾಗುವ ಗುಂಪಿನದು. ಒಂದು ಕಾಲಕ್ಕೆ ಊರೂರಲ್ಲಿದ್ದ ತೋಟಗಳು ಕರಗಿ ಬೆರಳೆಣಿಕೆಗೆ ಇಳಿಯಲು ಈ ಸೊರಗು ಒಂದು ದೊಡ್ಡ ಕಾರಣ. ಅಜ್ಜಂದಿರಿಗೆ ಅದರ ವಾಸನೆ ನೆನಪಿದೆ, ಮೊಮ್ಮಕ್ಕಳಲ್ಲಿ ಎಷ್ಟೋ ಜನ ಅದನ್ನು ತಿಂದೇ ಇಲ್ಲ. ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಸರಿ ಉತ್ತರ ಗೊಬ್ಬರವಾಗಿರುವುದಿಲ್ಲ. ರೋಗವಿಲ್ಲದ ಅಂಗಾಂಶ ಕೃಷಿಯ ಸಸಿ ನೆಡುವುದು, ರೋಗ ಬಂದ ತೋಟದಿಂದ ಕಂದು ತರದಿರುವುದು, ಬಾಳೆ ತೆಗೆದ ಜಾಗದಲ್ಲಿ ಭತ್ತದಂಥ ಬೆಳೆ ತೆಗೆಯುವುದು, ಇಂಥದ್ದಿರುತ್ತದೆ. ಹಸಿವೋ ರೋಗವೋ ಎಂಬ ಅನುಮಾನಕ್ಕೆ ಕುಡುಗೋಲಿನ ಒಂದು ಏಟು ಸಾಕು. ಹಸಿದ ಬಾಳೆಯ ದಿಂಡು ಒಳಗೆ ಬಿಳಿಯಾಗಿರುತ್ತದೆ. ಹಸಿವಾದರೆ ಒಂದೇ ಮಣ್ಣಿನ ಗಿಡಗಳೆಲ್ಲ ಹೆಚ್ಚು ಕಡಿಮೆ ಒಟ್ಟಿಗೇ ಸೊರಗುತ್ತವೆ. ರೋಗವಾದರೆ ಒಂದು ಗಿಡ ಬಿದ್ದು, ಅದರ ಪಕ್ಕದ್ದಕ್ಕೆ ದಾಟುತ್ತದೆ.

ಮೊಮ್ಮಗಳು ಈಗ ನನಗೇ ಪ್ರಶ್ನೆ ಬರೆಯುತ್ತಿದ್ದಾಳೆ. ಅವಳು ಬರೆದದ್ದರಲ್ಲಿ ಒಂದನ್ನು ನಿಮಗೂ ಕೊಡುತ್ತೇನೆ. ಉತ್ತರಕ್ಕೆ ಬೇಕಾದದ್ದೆಲ್ಲ ಮೇಲೆಯೇ ಇದೆ, ಅಂಚೆ ಕಾರ್ಡಿನಲ್ಲಿ ಕಾರಣ ಸಮೇತ ಬರೆದು ಕಳಿಸಿ.

“ನೀರು ಕಟ್ಟದ ಒಣ ಸಸಿಮಡಿ. ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು. ಭತ್ತದ ಸಸಿಯ ಕೆಳಗಿನ ಎಲೆ ಹಸಿರಾಗಿಯೇ ಇದೆ, ಚುಕ್ಕೆಯಿಲ್ಲ. ಹೊಸದಾಗಿ ಬಂದ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ. ಅದರ ಮೇಲಿನದು ಪೂರ್ತಿ ಬಿಳಿ. ರೈತ ಆಗಲೇ ಯೂರಿಯಾ ಹಾಕಿದ್ದಾನೆ, ಬದಲಾವಣೆಯಿಲ್ಲ. ಯಾವುದರ ಕೊರತೆ? ಯಾವುದನ್ನು ಸಿಂಪಡಿಸಬೇಕು? ಇದೇ ಸಸಿಗಳನ್ನು ಕಿತ್ತು ಕೆಸರುಗದ್ದೆಗೆ ನೆಟ್ಟರೆ ಕೆಲವು ದಿನದಲ್ಲಿ ಹೊಸ ಎಲೆ ತಾನಾಗಿಯೇ ಹಸಿರಾಗಿ ಬಂತು. ಯಾಕೆ?”